ಗಿರಾಕಿಗಳನ್ನು ಗುಂಪು ಮಾಡಲು ಹೋಗಿ ಹೆಸರಿನಲ್ಲಿ ಎಡವಿದ್ದು

ಶಿರಸಿಯಲ್ಲಿ ನಮ್ಮ ಪರಿಚಯದವರದ್ದೊಂದು ಕೃಷಿ ಸಾಮಾನಿನ ಅಂಗಡಿ ಇದೆ. ಮೈಲುತುತ್ತ, ಸುಣ್ಣ, ಗೊಬ್ಬರ, ಪೈಪು, ಹಗ್ಗ, ಕತ್ತಿ ಎಲ್ಲ ಸಿಗುತ್ತದೆ. ಯಾವ ಗಿರಾಕಿಗೆ ಯಾವಾಗ ಫೋನ್ ಮಾಡಬೇಕು, ಯಾರಿಗೆ ಉದ್ರಿ ಕೊಡಬಹುದು ಅಂತ ತಿಳಿಯಲು ಬಿಲ್ ನೋಡಿ ಗುಂಪು ಮಾಡಿಕೊಡು ಅಂದರು. ಏಪ್ರಿಲ್ 2022ರಿಂದ ಮಾರ್ಚ್ 2024ರವರೆಗಿನ ಬಿಲ್ ಸಿಕ್ಕಿತು. ಹೆಸರಿಲ್ಲದ ನಗದು ಬಿಲ್‌ಗಳನ್ನು ಬಿಟ್ಟ ಮೇಲೆ 612 ಗಿರಾಕಿಗಳು ಉಳಿದರು.

ಎಲ್ಲರೂ ಮಾಡುವ ಹಾಗೆ ನಾನೂ ಮೂರು ಅಳತೆ ಹಿಡಿದೆ: ಎಷ್ಟು ಬಿಲ್, ಒಟ್ಟು ಎಷ್ಟು ರೂಪಾಯಿ, ಕೊನೆಯ ಬಿಲ್ ಆಗಿ ಎಷ್ಟು ದಿನ. ಅಳತೆಗಳಲ್ಲಿ ಹತ್ತಿರ ಇರುವವರನ್ನು ಒಂದೊಂದು ನಡುಬಿಂದುವಿನ ಸುತ್ತ ಗುಂಪು ಮಾಡುವ ಕೆ-ಮೀನ್ಸ್ ವಿಧಾನವನ್ನು ನೇರವಾಗಿ ಓಡಿಸಿದೆ. ಬಂದ ಗುಂಪುಗಳು ಬರೀ ರೂಪಾಯಿ ಲೆಕ್ಕದವು. ಅದು ಹಾಗೇ ಆಗಬೇಕು. ಒಬ್ಬರದ್ದು 1.8 ಲಕ್ಷ, ಇನ್ನೊಬ್ಬರದ್ದು 1.2 ಲಕ್ಷ ಆದರೆ ಅಂತರ 60,000, ಆದರೆ ಒಬ್ಬರು 3 ಸಲ ಇನ್ನೊಬ್ಬರು 30 ಸಲ ಬಂದರೂ ಅಲ್ಲಿ ಅಂತರ ಬರೀ 27, ಅದು ದೂರದ ಲೆಕ್ಕದಲ್ಲಿ ಕಾಣುವುದೇ ಇಲ್ಲ. ಹಾಗಾಗಿ ಬಿಲ್ ಸಂಖ್ಯೆಗೆ, ಮೊತ್ತಕ್ಕೆ ದೊಡ್ಡ ಸಂಖ್ಯೆಗಳ ಅಂತರ ಕುಗ್ಗಿಸುವ ಲಾಗ್ ತೆಗೆದೆ, ಆಮೇಲೆ ಎಲ್ಲ ಅಳತೆಯನ್ನೂ ಒಂದೇ ಮಟ್ಟಕ್ಕೆ ತಂದೆ. ಲಾಗ್ ಬಿಟ್ಟರೆ ನಾಲ್ಕೈದು ದೊಡ್ಡ ಗಿರಾಕಿಗಳೇ ಸೇರಿ ಒಂದು ಗುಂಪಾಗಿ ಕೂತುಬಿಡುತ್ತಾರೆ.

ಈಗ ಗುಂಪು ಚೆನ್ನಾಗಿ ಬಂತು. ಒಂದರಲ್ಲಿ ಇನ್ನೂರಕ್ಕೂ ಜಾಸ್ತಿ ಜನ, ಎಲ್ಲರದ್ದೂ ಕೊನೆಯ ಬಿಲ್ ಆಗಿ ಏಳೆಂಟು ತಿಂಗಳು. ವರದಿಯಲ್ಲಿ 'ಬಿಟ್ಟು ಹೋದವರು' ಅಂತ ಬರೆದು, ಇವರಿಗೆ ರಿಯಾಯಿತಿ ಕೊಟ್ಟು ಕರೆಯಿರಿ ಅಂತ ಸಲಹೆಯನ್ನೂ ಸೇರಿಸಿದೆ.

ಮಾಲೀಕರು ಪಟ್ಟಿ ಓದಿ ನಕ್ಕರು. "ಇವರೆಲ್ಲಿ ಹೋಗ್ತಾರೋ ತಮಾ? ಮಾರ್ಚಲ್ಲಿ ಮೈಲುತುತ್ತ ತಗಂಡು ಎಂತ ಮಾಡ್ತಾರೆ?"

ಸರಿ ಅಲ್ವಾ. ಅಡಿಕೆಗೆ ಕೊಳೆ ಬರದ ಹಾಗೆ ಮೈಲುತುತ್ತ, ಸುಣ್ಣ ಕಲಸಿದ ಬೋರ್ಡೋ ಹೊಡೆಯುವುದು ಮಳೆ ಹಿಡಿಯುವ ಮುಂಚೆ ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ. ಮರ ಹತ್ತಿ ಹೊಡೆಯುವ ಕೊನೆಗೌಡ ಸಿಗುವ ದಿನ ನೋಡಿಕೊಂಡು ಸಾಮಾನು ಒಯ್ಯುತ್ತಾರೆ, ಆಮೇಲೆ ಅಂಗಡಿ ಕಡೆ ಬರುವುದಿಲ್ಲ. ನಾನು ಲೆಕ್ಕ ಮುಗಿಸಿದ್ದು ಮಾರ್ಚ್ 31ಕ್ಕೆ. ಅದೇ ಲೆಕ್ಕವನ್ನು ಜುಲೈ 31ಕ್ಕೆ ಮುಗಿಸಿದ್ದರೆ ಇವರೇ 'ತಾಜಾ ಗಿರಾಕಿಗಳು' ಆಗುತ್ತಿದ್ದರು. ಲೆಕ್ಕ ಮುಗಿಸುವ ದಿನ ಬದಲಾಯಿಸಿದರೆ ಹೆಸರೂ ಬದಲಾಗುತ್ತದೆ ಅಂದರೆ ಆ ಅಳತೆಯೇ ಇಲ್ಲಿಗೆ ಸಲ್ಲದ್ದು.

'ಕೊನೆಯ ಬಿಲ್' ತೆಗೆದೆ. ಅದರ ಬದಲು ಒಬ್ಬರ ಒಟ್ಟು ಖರೀದಿಯಲ್ಲಿ ಮೇನಿಂದ ಆಗಸ್ಟ್‌ವರೆಗಿನ ಪಾಲು ಎಷ್ಟು ಅಂತ ಹಾಕಿದೆ. ಇದಕ್ಕೆ ಪೂರ್ತಿ ವರ್ಷಗಳ ಬಿಲ್ ಬೇಕು, ಒಂದೂವರೆ ವರ್ಷದ್ದು ಹಾಕಿದರೆ ಒಂದು ಮಳೆಗಾಲ ಜಾಸ್ತಿ ತೂಗುತ್ತದೆ.

```python
X = np.log1p(df[["bills", "amount"]])
X["rain_share"] = df["rain_share"]
Z = StandardScaler().fit_transform(X)
km = KMeans(n_clusters=4, n_init=10,
            random_state=7).fit(Z)
```

ನಾಲ್ಕೇ ಯಾಕೆ? ಗುಂಪುಗಳು ಒಂದರಿಂದೊಂದು ಎಷ್ಟು ಚೆನ್ನಾಗಿ ಬೇರೆಯಾಗಿವೆ ಅಂತ ಹೇಳುವ ಸಿಲೂಯೆಟ್ ಅಂಕ ಮೂರು ಗುಂಪಿಗೆ 0.41, ನಾಲ್ಕಕ್ಕೆ 0.39, ಐದಕ್ಕೆ 0.31. ಅಂಕ ನೋಡಿದರೆ ಮೂರೇ ಮೇಲು. ಆದರೆ ಮೂರು ಮಾಡಿದಾಗ ಮಳೆಗಾಲದವರೂ ಸಣ್ಣ ಸಾಮಾನಿನವರೂ ಒಂದಾಗುತ್ತಿದ್ದರು, ಅಂಗಡಿಯವರು ಅವರಿಬ್ಬರಿಗೂ ಒಂದೇ ಮಾತು ಹೇಳಲು ಆಗುವುದಿಲ್ಲ. ಇಷ್ಟು ಸಣ್ಣ ವ್ಯತ್ಯಾಸಕ್ಕೆ ನಾನು ಅಂಕದ ಮಾತು ಕೇಳುವುದಿಲ್ಲ.

ಹೆಸರಿಡುವಾಗ ಇನ್ನೊಂದು ತಪ್ಪು. ಕಡಿಮೆ ಮೊತ್ತದ 198 ಜನರಿಗೆ 'ಸಣ್ಣ ಹಿಡುವಳಿದಾರರು' ಅಂತ ಬರೆದಿದ್ದೆ. ಈ ಸಲ ತೋರಿಸುವ ಮುಂಚೆ ಪ್ರತಿ ಗುಂಪಿನ ನಡುಬಿಂದುವಿಗೆ ಹತ್ತಿರದ ಹತ್ತು ಜನರ ಬಿಲ್ ತೆಗೆದು ಮಾಲೀಕರ ಜೊತೆ ಓದಿದೆ. ಆ ಹತ್ತರಲ್ಲಿ ಒಬ್ಬರಿಗೆ ಎಂಟು ಎಕರೆ ತೋಟ! ಗೊಬ್ಬರವೆಲ್ಲ ಸೊಸೈಟಿಯಲ್ಲಿ, ಇಲ್ಲಿ ಬರೀ ಹಗ್ಗ, ಕತ್ತಿ. ಬಿಲ್‌ಗೆ ತೋಟ ಗೊತ್ತಿಲ್ಲ, ತನ್ನ ಅಂಗಡಿಯಲ್ಲಿ ಆದದ್ದಷ್ಟೇ ಗೊತ್ತು. ಆಮೇಲೆ ಹೆಸರಲ್ಲಿ ಮನುಷ್ಯ ಎಂಥವನು ಅಂತ ಬರೆಯುವುದು ಬಿಟ್ಟು, ಏನು ಮಾಡುತ್ತಾನೆ ಅಂತಷ್ಟೇ ಬರೆದೆ: 'ಮಳೆಗಾಲಕ್ಕೆ ಬರುವವರು' 214, 'ಸಣ್ಣ ಸಾಮಾನು ಒಯ್ಯುವವರು' 198, 'ವರ್ಷವಿಡೀ ಬರುವವರು' 131, 'ಅಪರೂಪಕ್ಕೆ ದೊಡ್ಡ ಬಿಲ್' 69.

ಹೆಸರನ್ನು ಗುಂಪಿನ ನಂಬರಿಗೆ ಕಟ್ಟಬೇಡಿ. ಕೆ-ಮೀನ್ಸ್ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತುಮಾಡುವ random_state ಸಂಖ್ಯೆ ಬದಲಾಯಿಸಿ ಓಡಿಸಿದಾಗ ಗುಂಪುಗಳು ಹೆಚ್ಚುಕಡಿಮೆ ಅವೇ ಬಂದವು, ಆದರೆ 0 ಇದ್ದದ್ದು 2 ಆಯಿತು. ನಾನು ನೋಡದೆ ಪ್ರಿಂಟ್ ತೆಗೆದು, ಮಳೆಗಾಲದವರ ತಲೆಯ ಮೇಲೆ 'ವರ್ಷವಿಡೀ' ಕೂತಿತ್ತು. ಈಗ ನಡುಬಿಂದು ನೋಡಿ, ಮಳೆಗಾಲದ ಪಾಲು ಅತಿ ಜಾಸ್ತಿ ಇರುವ ಗುಂಪಿಗೆ ಆ ಹೆಸರು ಅಂತ ಕೋಡಿನಲ್ಲೇ ಹಾಕಿದ್ದೇನೆ. ಹಾಗೆ ಓಡಿಸಿದಾಗೆಲ್ಲ ಗುಂಪು ಬದಲಿಸುತ್ತಿದ್ದ 37 ಜನರ ಪಟ್ಟಿಯನ್ನು ವರದಿಯ ಕೊನೆಗೆ ಬೇರೆಯೇ ಕೊಟ್ಟೆ. ಮಾಲೀಕರು ಮೊದಲು ಓದಿದ್ದು ಅದನ್ನೇ, ಪೆನ್ನು ಹಿಡಿದು ಒಬ್ಬೊಬ್ಬರ ಮುಂದೆ ಊರು, ತೋಟ ಎಲ್ಲ ಬರೆಯುತ್ತ ಕೂತರು.