ಒಂದು ‘ತ್ವ’ ಬಿಡಿಸಲು ಕೂತಾಗ

ಗೀತೆಯ ಎರಡನೇ ಅಧ್ಯಾಯದ 16ನೇ ಶ್ಲೋಕದ ಎರಡನೇ ಸಾಲು ಇದು:

ಉಭಯೋರಪಿ ದೃಷ್ಟೋಽನ್ತಸ್ತ್ವನಯೋಸ್ತತ್ತ್ವದರ್ಶಿಭಿಃ

ಮೊದಲ ಸಲ ಇದನ್ನು ಬಿಡಿಸಲು ಕೂತಾಗ ನನ್ನ ಕಣ್ಣು ನೇರ ಹೋಗಿದ್ದು ನಡುವಿನ ‘ತ್ವ’ಕ್ಕೆ. ಅರ್ಜುನನಿಗೆ ಹೇಳುತ್ತಿರುವ ಮಾತು ಅಲ್ವಾ, ಇದು ‘ತ್ವಂ’ ಇರಬೇಕು, ಅಂದರೆ ‘ನೀನು’ ಅಂದುಕೊಂಡೆ. ಅಂತಃ, ತ್ವಂ, ನಯೋಃ ಎಂದು ಬರೆದೂ ಬಿಟ್ಟೆ. ಆಮೇಲೆ ‘ನಯೋಃ’ ಅಂದರೆ ಏನು ಎಂದು ಹುಡುಕುತ್ತಾ ಒಂದು ಸಂಜೆ ಪೂರ್ತಿ ಕಳೆದೆ.

ತಪ್ಪು ಸಿಕ್ಕಿದ್ದು ಬಿಡಿಸಿದ್ದನ್ನು ವಾಪಸ್ ಕೂಡಿಸಿ ನೋಡಿದಾಗ. ‘ತ್ವಂ’ ಮುಂದೆ ‘ನ’ ಬಂದರೆ ಆ ಮಕಾರ ಸುಮ್ನೆ ಮಾಯವಾಗುವುದಿಲ್ಲ. ಅನುಸ್ವಾರವಾಗಿಯೋ ನಕಾರವಾಗಿಯೋ ಉಳಿದೇ ಉಳಿಯುತ್ತದೆ: ತ್ವಂನ, ಇಲ್ಲವೇ ತ್ವನ್ನ. ಸಾಲಿನಲ್ಲಿ ಇರುವುದು ಬರೀ ‘ತ್ವನ’. ಹಾಗಾದರೆ ಅಲ್ಲಿ ‘ತ್ವಂ’ ಇಲ್ಲವೇ ಇಲ್ಲ.

ಮತ್ತೆ ಆ ವಕಾರ ಎಲ್ಲಿಂದ ಬಂತು? ಶಾಲೆಯಲ್ಲಿ ಕಲಿತ ಮನು + ಅಂತರ = ಮನ್ವಂತರ ನೆನಪಾಯಿತು. ಉಕಾರದ ಮುಂದೆ ಬೇರೆ ಸ್ವರ ಬಂದರೆ ಉ ಹೋಗಿ ವ್ ಬರುತ್ತದೆ, ಅದೇ ಯಣ್ ಸಂಧಿ. ಇಲ್ಲೂ ಅದೇ. ತು + ಅನಯೋಃ = ತ್ವನಯೋಃ. ‘ತು’ ಅಂದರೆ ‘ಆದರೆ’, ‘ಅನಯೋಃ’ ಅಂದರೆ ‘ಇವೆರಡರ’. ಸಾಲಿನ ಮೊದಲಿಗೇ ‘ಉಭಯೋಃ’ ಇದೆ, ಅದೂ ಷಷ್ಠಿ, ಅದೂ ದ್ವಿವಚನ. ಎರಡೂ ಜೋಡಿಯಾಗಿ ಕೂತಾಗಲೇ ನನಗೆ ಧೈರ್ಯ ಬಂದಿದ್ದು.

ಉಳಿದದ್ದು ಹೆಚ್ಚಿನ ಪಾಲು ವಿಸರ್ಗದ ವೇಷಗಳು. ಈ ಒಂದೇ ಸಾಲಿನಲ್ಲಿ ವಿಸರ್ಗ ಮೂರು ರೂಪದಲ್ಲಿ ಅಡಗಿದೆ. ಉಭಯೋಃ + ಅಪಿ ಸೇರಿ ‘ಉಭಯೋರಪಿ’, ಇಲ್ಲಿ ಅದು ರ್ ಆಗಿದೆ. ಅಂತಃ + ತು ಸೇರಿ ‘ಅಂತಸ್ತು’, ಅನಯೋಃ + ತತ್ತ್ವ ಸೇರಿ ‘ಅನಯೋಸ್ತತ್ತ್ವ’, ಇಲ್ಲಿ ಸ್. ದೃಷ್ಟಃ + ಅಂತಃ ಸೇರಿ ‘ದೃಷ್ಟೋಽನ್ತಃ’, ಇಲ್ಲಿ ‘ಅಃ’ ಓಕಾರವಾಗಿ, ಮುಂದಿನ ಅಕಾರ ಲೋಪವಾಗಿದೆ. ಕೆಲವು ಮುದ್ರಣಗಳಲ್ಲಿ ಅವಗ್ರಹ (ಽ) ಇರುವುದಿಲ್ಲ. ಆಗಲೂ ಸುಳಿವು ಸಿಗುತ್ತದೆ: ಸಂಸ್ಕೃತದಲ್ಲಿ ‘ನ್ತ’ ಎಂದು ಶುರುವಾಗುವ ಪದವೇ ಇಲ್ಲ. ಹಾಗಾಗಿ ಹಿಂದಿನ ಓಕಾರ ಒಂದು ‘ಅ’ವನ್ನು ನುಂಗಿದೆ ಅಂತಲೇ ಅರ್ಥ.

‘ಅಂತಃ’ ಸಿಕ್ಕಿದರೂ ಕೆಲಸ ಮುಗಿಯಲಿಲ್ಲ. ‘ಒಳಗೆ’ ಎಂಬ ಅರ್ಥದ ‘ಅಂತರ್’ ಕೂಡ ‘ತು’ ಮುಂದೆ ‘ಅಂತಸ್ತು’ ಎಂದೇ ಆಗುತ್ತದೆ. ಸಂಧಿಯ ನಿಯಮ ಇಲ್ಲಿ ಏನನ್ನೂ ಹೇಳಿಕೊಡುವುದಿಲ್ಲ, ವಿಭಕ್ತಿಯನ್ನೇ ಕೇಳಬೇಕು. ‘ದೃಷ್ಟಃ’ ಪುಲ್ಲಿಂಗ, ಏಕವಚನ. ‘ಕಾಣಲ್ಪಟ್ಟಿತು’ ಅಂದರೆ ಯಾವುದು? ಅದಕ್ಕೊಂದು ಪ್ರಥಮಾ ವಿಭಕ್ತಿಯ ಪದ ಬೇಕು. ಸಾಲಿನಲ್ಲಿ ಬೇರೆ ಯಾವುದೂ ಇಲ್ಲ. ಹಾಗಾಗಿ ಇದು ‘ಕೊನೆ, ನಿರ್ಣಯ’ ಎಂಬ ಅರ್ಥದ ‘ಅಂತಃ’.

ಕೊನೆಯ ‘ತತ್ತ್ವದರ್ಶಿಭಿಃ’ ಸಮಾಸ. ಅದನ್ನು ನಾನು ಒಡೆಯುವುದಿಲ್ಲ, ಪದಚ್ಛೇದದಲ್ಲಿ ಅದು ಒಂದೇ ಪದ. ಹೀಗೆ ಸಾಲು ಬಿಡಿಯಾಯಿತು: ಉಭಯೋಃ, ಅಪಿ, ದೃಷ್ಟಃ, ಅಂತಃ, ತು, ಅನಯೋಃ, ತತ್ತ್ವದರ್ಶಿಭಿಃ. ಮತ್ತೆ ಕೂಡಿಸಿ ಅಕ್ಷರ ಎಣಿಸಿದೆ. ಪಾದಕ್ಕೆ ಎಂಟರಂತೆ ಹದಿನಾರು, ಅನುಷ್ಟುಪ್ ಸರಿಯಾಗಿ ಕೂತಿತು.

ಇದೇ ಶ್ಲೋಕದ ಮೊದಲ ಸಾಲು ನೋಡೋದಕ್ಕೆ ಇದಕ್ಕಿಂತ ಸುಲಭ: ನಾಸತೋ ವಿದ್ಯತೇ ಭಾವೋ ನಾಭಾವೋ ವಿದ್ಯತೇ ಸತಃ. ನ, ಅಸತಃ, ವಿದ್ಯತೇ, ಭಾವಃ ಎಂದು ಎರಡು ನಿಮಿಷದಲ್ಲಿ ಬರೆದಿದ್ದೆ. ಶಂಕರಾಚಾರ್ಯರು ಬಿಡಿಸುವುದೂ ಹೀಗೆ: ಅಸತ್ತಿಗೆ ಇರವಿಲ್ಲ. ಆದರೆ ಏಕಾರವೂ ಓಕಾರದ ಹಾಗೆಯೇ ಮುಂದಿನ ‘ಅ’ವನ್ನು ನುಂಗುತ್ತದೆ. ವಿದ್ಯತೇ + ಅಭಾವಃ ಕೂಡ ಕಿವಿಗೆ ‘ವಿದ್ಯತೇಭಾವಃ’ ಎಂದೇ ಕೇಳುತ್ತದೆ. ಮಧ್ವಾಚಾರ್ಯರು ಹಾಗೆಯೇ ಬಿಡಿಸಿದರು. ಅವರ ಪ್ರಕಾರ ಅಸತ್ತಿಗೂ ಅಭಾವವಿಲ್ಲ, ಸತ್ತಿಗೂ ಇಲ್ಲ. ಅಲ್ಲಿ ‘ಅಸತ್’ ಅಂದರೆ ಪ್ರಕೃತಿ, ‘ಸತ್’ ಅಂದರೆ ಬ್ರಹ್ಮ.

ನನ್ನ ಪರೀಕ್ಷೆಗಳನ್ನೆಲ್ಲ ಇದರ ಮೇಲೆ ಹಚ್ಚಿದೆ. ವಾಪಸ್ ಕೂಡಿಸಿದರೆ ಎರಡೂ ಅದೇ ಸಾಲು ಕೊಡುತ್ತವೆ. ಅಕ್ಷರ ಎಂಟೇ. ಭಾವಃ, ಅಭಾವಃ ಎರಡೂ ಪುಲ್ಲಿಂಗ, ಪ್ರಥಮಾ, ಏಕವಚನ, ಹಾಗಾಗಿ ವಿಭಕ್ತಿಯೂ ತೀರ್ಪು ಕೊಡಲಿಲ್ಲ. ಇಂಥ ಕಡೆ ಈಗ ನಾನು ಎರಡೂ ಪದಚ್ಛೇದ ಬರೆದು, ಪಕ್ಕದಲ್ಲಿ ಯಾರ ವ್ಯಾಖ್ಯಾನದ್ದು ಎಂದು ಗುರುತು ಹಾಕಿಡುತ್ತೇನೆ.