ಪಿ-ವ್ಯಾಲ್ಯೂ ಚಿಕ್ಕದಿದೆ, ಸರಿ. ಹಾಗಾದರೆ ಗೊತ್ತಾಗಿದ್ದೇನು?

ಬಿಪಿ ಇಳಿಸುವ ಹೊಸ ಮಾತ್ರೆಯೊಂದನ್ನು 20,000 ಜನರ ಮೇಲೆ ಪರೀಕ್ಷಿಸಿದ್ದಾರೆ ಅಂದುಕೊಳ್ಳಿ. ಅರ್ಧ ಜನಕ್ಕೆ ಅಸಲಿ ಮಾತ್ರೆ, ಇನ್ನರ್ಧಕ್ಕೆ ನೋಡೋಕೆ ಹಾಗೇ ಇರುವ, ಔಷಧಿ ಇಲ್ಲದ ಮಾತ್ರೆ. ಯಾರಿಗೆ ಯಾವುದು ಅನ್ನುವುದನ್ನು ಚೀಟಿ ಎತ್ತಿದ ಹಾಗೆ ತೀರ್ಮಾನಿಸಿದ್ದಾರೆ. ಕೊನೆಗೆ ವರದಿ ಹೇಳುತ್ತದೆ: ಪಿ-ವ್ಯಾಲ್ಯೂ 0.018, ಫಲಿತಾಂಶ ಸಿಗ್ನಿಫಿಕೆಂಟ್. ಓದಿದವರು ತಕ್ಷಣ "ಮಾತ್ರೆ ಕೆಲಸ ಮಾಡುವುದು ಶೇ 98ರಷ್ಟು ಖಚಿತ" ಅಂದುಬಿಡುತ್ತಾರೆ. ಇದು ತಪ್ಪು. ಸಂಶೋಧನೆ ಮಾಡುವವರೂ ಇಲ್ಲಿ ಎಡವುತ್ತಾರೆ. ಅಮೆರಿಕನ್ ಸ್ಟ್ಯಾಟಿಸ್ಟಿಕಲ್ ಅಸೋಸಿಯೇಷನ್ 2016ರಲ್ಲಿ ಈ ಬಗ್ಗೆ ಹೇಳಿಕೆಯನ್ನೇ ಹೊರಡಿಸಬೇಕಾಯಿತು.

ಮೊದಲು, ಆ ಅಂಕಿಯನ್ನು ಪೂರ್ತಿ ವಾಕ್ಯದಲ್ಲಿ ಹೇಳಿಕೊಳ್ಳಿ

"ಮಾತ್ರೆಯಿಂದ ಏನೂ ಆಗುವುದೇ ಇಲ್ಲ ಅಂತಿಟ್ಟುಕೊಂಡರೂ, ಎರಡು ಗುಂಪುಗಳ ನಡುವೆ ಇಷ್ಟು ಅಥವಾ ಇದಕ್ಕಿಂತ ಜಾಸ್ತಿ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಕಾಣುವ ಸಾಧ್ಯತೆ ಶೇ 1.8." ಅಷ್ಟೇ. ವಾಕ್ಯ ಶುರುವಾಗುವುದೇ "ಏನೂ ಆಗುವುದಿಲ್ಲ ಅಂತಿಟ್ಟುಕೊಂಡರೆ" ಅಂತ, ಅಲ್ವಾ? ಹಾಗಿರುವಾಗ ಆ ಊಹೆ ನಿಜವೋ ಸುಳ್ಳೋ ಅನ್ನುವುದರ ಸಾಧ್ಯತೆಯನ್ನು ಇದೇ ಅಂಕಿ ಹೇಳಲಾರದು.

ಎರಡನೆಯದು, 1,000 ಮಾತ್ರೆ ಇಟ್ಟುಕೊಂಡು ಎಣಿಸಿ

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಇಡೀ ಗೊಂದಲ ಬಿಡುವುದು ಇಲ್ಲೇ. 1,000 ಹೊಸ ಮಾತ್ರೆಗಳನ್ನು ಒಂದೊಂದಾಗಿ ಪರೀಕ್ಷಿಸುತ್ತಿದ್ದೇವೆ. ಅದರಲ್ಲಿ ನಿಜಕ್ಕೂ ಕೆಲಸ ಮಾಡುವವು 100 ಮಾತ್ರ. ಪರೀಕ್ಷೆ ಚೆನ್ನಾಗಿದೆ, ಕೆಲಸ ಮಾಡುವ ಮಾತ್ರೆಗಳಲ್ಲಿ ಶೇ 80ರಷ್ಟನ್ನು ಹಿಡಿಯುತ್ತದೆ, ಅಂದರೆ 80. ಉಳಿದ 900 ಮಾತ್ರೆಗಳಿಂದ ಏನೂ ಉಪಯೋಗವಿಲ್ಲ. ಆದರೆ ಪಿ 0.05ಕ್ಕಿಂತ ಕಡಿಮೆ ಬಂದರೆ ಪಾಸು, ಅಂದರೆ ಸಿಗ್ನಿಫಿಕೆಂಟ್, ಅಂತ ಗೆರೆ ಹಾಕಿರುತ್ತೇವಲ್ಲ, ಅದರಲ್ಲಿ ಶೇ 5, ಅಂದರೆ 45 ಮಾತ್ರೆ ಸುಮ್ನೆ ಅದೃಷ್ಟದಿಂದ ಪಾಸಾಗುತ್ತವೆ. ಒಟ್ಟು ಪಾಸಾದವು 125, ಅದರಲ್ಲಿ ಪೊಳ್ಳು 45. ಶೇ 36 ಆಯಿತು, ಶೇ 5 ಅಲ್ಲ.

ಇದೇ ಲೆಕ್ಕವನ್ನು 1,000ದಲ್ಲಿ 500 ಒಳ್ಳೆಯ ಮಾತ್ರೆಗಳಿವೆ ಅಂತ ಮಾಡಿ ನೋಡಿ. 400 ಸರಿಯಾಗಿ ಪಾಸಾಗುತ್ತವೆ, ಪೊಳ್ಳು 25 ಮಾತ್ರ, ಅಂದರೆ ಶೇ 6ರ ಆಸುಪಾಸು. ಗೆರೆ ಅದೇ 0.05, ನಂಬಿಕೆ ಮಾತ್ರ ಪೂರ್ತಿ ಬೇರೆ. ಹಾಗಾಗಿ ಈ ಥರದ ಮಾತ್ರೆ ಕೆಲಸ ಮಾಡಬಹುದು ಅನ್ನುವುದಕ್ಕೆ ಮೊದಲೇ ಎಷ್ಟು ಆಧಾರವಿತ್ತು ಅಂತ ಕೇಳಲೇಬೇಕು. ಅದಕ್ಕೆ ಉತ್ತರ ಹಳೆಯ ಅಧ್ಯಯನಗಳಲ್ಲಿ, ದೇಹ ಕೆಲಸ ಮಾಡುವ ರೀತಿಯಲ್ಲಿ ಸಿಗುತ್ತದೆ, ಪಿ-ವ್ಯಾಲ್ಯೂನಲ್ಲಿ ಅಲ್ಲ.

ಮೂರನೆಯದು, ಇಳಿದಿದ್ದು ಎಷ್ಟು ಅಂತ ಹುಡುಕಿ

ನಮ್ಮ ಮಾತ್ರೆಗೆ ವಾಪಸ್ ಬನ್ನಿ. ಪಿ 0.018 ಅಂತ ದೊಡ್ಡದಾಗಿ ಬರೆದಿದ್ದಾರೆ, ಆದರೆ ಬಿಪಿ ಸರಾಸರಿ ಇಳಿದಿದ್ದು 0.5 ಪಾಯಿಂಟ್! ಜನರಿಂದ ಜನರಿಗೆ ಬಿಪಿ 15 ಪಾಯಿಂಟ್‌ನಷ್ಟು ಹೆಚ್ಚುಕಮ್ಮಿ ಇದ್ದರೂ, ಗುಂಪಿಗೆ 10,000 ಜನ ಇದ್ದರೆ ಇಷ್ಟು ಸಣ್ಣ ವ್ಯತ್ಯಾಸಕ್ಕೂ ಪಿ ಇಷ್ಟು ಚಿಕ್ಕದಾಗುತ್ತದೆ. ರೋಗಿಗೆ ಅರ್ಧ ಪಾಯಿಂಟ್‌ನಿಂದ ಏನೂ ಗೊತ್ತಾಗುವುದಿಲ್ಲ. ಸಿಗ್ನಿಫಿಕೆಂಟ್ ಅನ್ನುವುದನ್ನು ಮುಖ್ಯವಾದದ್ದು ಅಂತ ಓದಿಕೊಂಡರೆ ಮೋಸ ಹೋಗುತ್ತೇವೆ.

ಈಗ ಬೇರೊಂದು ಮಾತ್ರೆ, ಗುಂಪಿಗೆ 20 ಜನ, ಬಿಪಿ ಇಳಿದಿದ್ದು 8 ಪಾಯಿಂಟ್, ಪಿ ಸುಮಾರು 0.10. ಇದನ್ನು "ಮಾತ್ರೆ ಕೆಲಸ ಮಾಡಲಿಲ್ಲ" ಅಂತ ಬರೆದುಬಿಡುತ್ತಾರೆ, ನನಗೆ ಇದು ಮೊದಲಿನ ತಪ್ಪಿಗಿಂತಲೂ ಬೇಸರ ತರಿಸುತ್ತದೆ. ಪಿ ಪಕ್ಕದಲ್ಲಿ ಶೇ 95ರ ಕಾನ್ಫಿಡೆನ್ಸ್ ಇಂಟರ್ವಲ್ ಅಂತ ಇರುತ್ತದೆ, ಅಂದರೆ ನಿಜವಾದ ಪರಿಣಾಮ ಎಲ್ಲಿಂದ ಎಲ್ಲಿಯವರೆಗೆ ಇರಬಹುದು ಅನ್ನುವ ಅಂದಾಜು, ಅದನ್ನು ನೋಡಿ. ಇಲ್ಲಿ ಅದು 1.6 ಪಾಯಿಂಟ್ ಏರಿಕೆಯಿಂದ ಹಿಡಿದು 17.6 ಪಾಯಿಂಟ್ ಇಳಿಕೆಯವರೆಗೆ ಚಾಚಿಕೊಂಡಿದೆ. ಒಳ್ಳೆಯ ಔಷಧಿಯೂ ಇರಬಹುದು, ಉಪಯೋಗವಿಲ್ಲದ್ದೂ ಇರಬಹುದು. ತೀರ್ಮಾನಿಸೋಕೆ 40 ಜನ ಸಾಲಲಿಲ್ಲ ಅನ್ನುವುದೇ ಸರಿಯಾದ ಓದು.

ಕೊನೆಗೆ, ಎಷ್ಟು ಸಲ ಅಳೆದರು ಅಂತ ನೋಡಿ

ಏನೂ ಮಾಡದ ಮಾತ್ರೆ ಕೊಟ್ಟು ಬಿಪಿ, ತೂಕ, ನಿದ್ದೆ, ಸಕ್ಕರೆ ಅಂತ 20 ಸಂಗತಿ ಅಳೆದರು ಅಂದುಕೊಳ್ಳಿ. ಅವು ಒಂದಕ್ಕೊಂದು ಸಂಬಂಧವಿಲ್ಲದವು ಅಂತಿಟ್ಟುಕೊಂಡರೆ, ಒಂದರಲ್ಲಾದರೂ ಪಿ 0.05ರ ಕೆಳಗೆ ಬರುವ ಸಾಧ್ಯತೆ ಶೇ 64. ಆ ಒಂದನ್ನೇ ಎತ್ತಿ ಬರೆದು ಉಳಿದ 19ನ್ನು ಬಿಟ್ಟರೆ ಓದುಗರಿಗೆ ಗೊತ್ತಾಗುವುದಾದರೂ ಹೇಗೆ? ದಾರಿ ಇದೆ. ಔಷಧಿ ಪ್ರಯೋಗಗಳನ್ನು ಶುರುವಾಗುವ ಮುಂಚೆಯೇ ClinicalTrials.gov ಥರದ ಕಡೆ ನೋಂದಾಯಿಸಿ, ಮುಖ್ಯವಾಗಿ ಏನನ್ನು ಅಳೆಯುತ್ತೇವೆ ಅಂತ ಬರೆದಿರುತ್ತಾರೆ. ವರದಿಯಲ್ಲಿ ಮೆರೆಸಿದ ಫಲಿತಾಂಶ ಅಲ್ಲಿ ಬರೆದದ್ದೇನಾ ಅಂತ ಹೋಲಿಸಿ. ಅಲ್ಲಿ ಬಿಪಿ ಅಂತಿದ್ದು ಇಲ್ಲಿ ನಿದ್ದೆಯ ಬಗ್ಗೆ ಸಂಭ್ರಮಿಸಿದ್ದರೆ, ಆ ಪಿ-ವ್ಯಾಲ್ಯೂವನ್ನು ಸುಳಿವು ಅಂತಷ್ಟೇ ಇಟ್ಟುಕೊಂಡು, ನಿದ್ದೆಯನ್ನೇ ಮುಖ್ಯವಾಗಿ ಅಳೆಯುವ ಹೊಸ ಪ್ರಯೋಗ ಬರುವವರೆಗೆ ಕಾಯಿರಿ.