ವೈಫೈ ಪ್ರಿಂಟರ್ ಕಾಣಿಸುತ್ತಿಲ್ಲವೇ? ಅದೇ ಕೊಡುವ ಹಾಳೆ ಓದಿ

ಪ್ರಿಂಟರಿನ ವೈಫೈ ದೀಪ ಉರಿಯುತ್ತಿದೆ, ಲ್ಯಾಪ್‌ಟಾಪಿನಲ್ಲಿ ಮಾತ್ರ ಅದರ ಹೆಸರೇ ಬರುತ್ತಿಲ್ಲ. ಡ್ರೈವರ್ ತೆಗೆದು ಮತ್ತೆ ಹಾಕುವ ಮುನ್ನ ಪ್ರಿಂಟರಿನ ನೆಟ್‌ವರ್ಕ್ ಸೆಟ್ಟಿಂಗ್ಸ್‌ಗೆ ಹೋಗಿ Network Configuration Page ಪ್ರಿಂಟ್ ಕೊಡಿ. ಪರದೆ ಇಲ್ಲದ ಮಾಡೆಲ್‌ಗಳಲ್ಲಿ ಇದಕ್ಕೆ ಯಾವ ಬಟನ್ ಎಂಬುದು ಕೈಪಿಡಿಯಲ್ಲಿರುತ್ತದೆ.

ಹಾಳೆ ತುಂಬ ಅಂಕಿಗಳಿದ್ದರೂ ಮೊದಲು ನೋಡಬೇಕಾದ್ದು ಎರಡೇ ಸಾಲು: ವೈಫೈ ಹೆಸರು ತೋರಿಸುವ SSID ಮತ್ತು IP Address. ಐಪಿ 169.254 ಎಂದು ಶುರುವಾಗಿದ್ದರೆ ರೂಟರ್ ವಿಳಾಸ ಕೊಟ್ಟಿಲ್ಲ, ಪ್ರಿಂಟರ್ ತಾನೇ ಒಂದನ್ನು ಹಾಕಿಕೊಂಡಿದೆ ಎಂದರ್ಥ. ರೂಟರ್, ಪ್ರಿಂಟರ್ ಎರಡನ್ನೂ ಆಫ್ ಮಾಡಿ, ರೂಟರ್ ಪೂರ್ತಿ ಶುರುವಾದ ಮೇಲೆ ಪ್ರಿಂಟರ್ ಹಾಕಿ.

ಹೆಚ್ಚು ದಾರಿ ತಪ್ಪಿಸುವುದು ಐಪಿ ಸರಿಯಾಗಿಯೇ ಕಾಣುವ ಸಂದರ್ಭ. ತುಮಕೂರಿನ ಬಿ.ಎಚ್. ರಸ್ತೆಯಲ್ಲೊಂದು ಡಿಟಿಪಿ ಅಂಗಡಿ ಇದೆ ಎಂದಿಟ್ಟುಕೊಳ್ಳಿ. ಫೈಬರ್ ಕಂಪನಿಯ ರೂಟರ್ ಮುಂದಿದೆ. ಹಿಂದಿನ ಕೋಣೆಗೆ ಸಿಗ್ನಲ್ ಸಾಲದೆ ಇನ್ನೊಂದು ರೂಟರ್ ಹಾಕಿದ್ದಾರೆ. ಪ್ರಿಂಟರ್ ಮುಂದಿನ ರೂಟರಿಗೆ, ಲ್ಯಾಪ್‌ಟಾಪ್ ಹಿಂದಿನದಕ್ಕೆ ಸೇರಿದೆ. ಪ್ರಿಂಟರಿನ ಹಾಳೆಯಲ್ಲಿ ಐಪಿ 192.168.1.23, Subnet Mask 255.255.255.0 ಎಂದಿದೆ. ಈಗ ಲ್ಯಾಪ್‌ಟಾಪಿನ ಕಮಾಂಡ್ ಪ್ರಾಂಪ್ಟ್‌ನಲ್ಲಿ ನೋಡಬೇಕು:

```
ipconfig
ping 192.168.1.23
```

ಲ್ಯಾಪ್‌ಟಾಪಿನ IPv4 Address 192.168.0.105 ಎಂದು ಬಂತು. ಮಾಸ್ಕ್ 255.255.255.0 ಇದ್ದಾಗ ಮೊದಲ ಮೂರು ಅಂಕಿಗಳು ಎರಡೂ ಕಡೆ ಒಂದೇ ಆಗಿರಬೇಕು. ಇಲ್ಲಿ ಮೂರನೆಯದು ಒಂದು ಕಡೆ 1, ಇನ್ನೊಂದು ಕಡೆ 0. ಅಂದರೆ ಎರಡನೇ ರೂಟರ್ ತನ್ನದೇ ಬೇರೆ ನೆಟ್‌ವರ್ಕ್ ಕಟ್ಟಿಕೊಂಡಿದೆ. ಪ್ರಿಂಟರನ್ನು ಹುಡುಕುವ ಕೂಗು ಆ ರೂಟರನ್ನು ದಾಟುವುದಿಲ್ಲ. ಐಪಿ ವಿಳಾಸ ಹಿಡಿದು ಕರೆದ ಪಿಂಗ್ ಮಾತ್ರ ದಾಟಿ ಹೋಗಿ ಉತ್ತರ ತರುತ್ತದೆ. ಪಿಂಗ್‌ಗೆ ಉತ್ತರ ಬಂತು, ಹಾಗಾಗಿ ನೆಟ್‌ವರ್ಕ್ ಸರಿಯಿದೆ ಎಂದು ಹಲವರು ತಪ್ಪು ತಿಳಿಯುವುದು ಇಲ್ಲೇ.

ತುರ್ತು ಕೆಲಸವಿದ್ದರೆ ವಿಂಡೋಸ್‌ನಲ್ಲಿ ಪ್ರಿಂಟರನ್ನು ಐಪಿ ವಿಳಾಸ ಕೊಟ್ಟೇ ಸೇರಿಸಿ, ಪ್ರಿಂಟ್ ಬರುತ್ತದೆ. ಪ್ರಿಂಟರಿಗೆ ನಾಳೆ ಬೇರೆ ಐಪಿ ಸಿಕ್ಕಿದರೆ ಮತ್ತೆ ನಿಲ್ಲುತ್ತದೆ, ಅಷ್ಟೆ.

ಶಾಶ್ವತವಾಗಿ ಸರಿಪಡಿಸಲು ಎರಡನೇ ರೂಟರನ್ನು Access Point ಮೋಡ್‌ಗೆ ಬದಲಿಸಿ. ಆ ಆಯ್ಕೆ ಇಲ್ಲದಿದ್ದರೆ ಮೊದಲು ಮುಂದಿನ ರೂಟರಿನಿಂದ ಅದಕ್ಕೆ ಬರುವ WAN ಕೇಬಲ್ ಕಿತ್ತುಬಿಡಿ. ಕೇಬಲ್ ಹಾಗೇ ಇದ್ದರೆ ಎರಡೂ ಬದಿಗೆ ಒಂದೇ ಸರಣಿಯ ವಿಳಾಸವಾಗುತ್ತದೆಂದು ಹಲವು ರೂಟರ್‌ಗಳು ಮುಂದಿನ ಬದಲಾವಣೆ ಒಪ್ಪುವುದಿಲ್ಲ. ಬಳಿಕ LAN ಐಪಿಯನ್ನು 192.168.1.2 ಮಾಡಿ. ಆ ವಿಳಾಸ ಬೇರೆ ಯಾವ ಸಾಧನಕ್ಕೂ ಇರಬಾರದು. ಹೊಸ ವಿಳಾಸದಲ್ಲೇ ಲಾಗಿನ್ ಆಗಿ, ಸಾಧನಗಳಿಗೆ ಐಪಿ ಹಂಚುವ DHCP ಆಫ್ ಮಾಡಿ. ಕೊನೆಗೆ ಕಿತ್ತ ಕೇಬಲನ್ನು WAN ಬದಲು LAN ಪೋರ್ಟಿಗೆ ಚುಚ್ಚಿ. ಲ್ಯಾಪ್‌ಟಾಪಿನ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಅದಕ್ಕೂ 192.168.1 ಸರಣಿಯ ವಿಳಾಸ ಬರುತ್ತದೆ.

ಅಂಕಿಗಳು ಹೊಂದಿಕೊಂಡ ಮೇಲೂ ಪ್ರಿಂಟರ್ ಕಾಣದಿದ್ದರೆ ಹಾಳೆಯ SSID ಸಾಲಿಗೆ ಮರಳಿ. ಅಲ್ಲಿರುವುದು ಗೆಸ್ಟ್ ವೈಫೈ ಹೆಸರಾಗಿದ್ದರೆ ಪ್ರಿಂಟರನ್ನು ಮುಖ್ಯ ವೈಫೈಗೆ ಸೇರಿಸಿ. ಗೆಸ್ಟ್‌ನಲ್ಲಿರುವ ಸಾಧನಗಳು ಬೇರೆ ಸಾಧನಗಳಿಗೆ ಕಾಣದಂತೆ ಸಾಮಾನ್ಯವಾಗಿ ರೂಟರೇ ತಡೆದಿರುತ್ತದೆ.